ನಿಂಬೆ ಘಮದಡಿ ಕಾಕಂಬಿ

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, 200 ಮಿ.ಲೀ. ಬಾಟಲಿಗೆ 100 ರೂಪಾಯಿ ಗರಿಷ್ಠ ಬೆಲೆ ಕಟ್ಟಿತು. ಅಂಗಡಿಗಳಲ್ಲಿ ಸರಕಿರಲಿಲ್ಲ. ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿಗೂ ತಯಾರಿಕೆಗೆ ಅನುಮತಿ ಸಿಕ್ಕಿತು. ಕೆಲವೇ ವಾರಗಳಲ್ಲಿ ಬ್ಯಾಂಕಿನ ಬಾಗಿಲಲ್ಲಿ ಅಂಗೈಗೆ ಬಿದ್ದ ದ್ರವಕ್ಕೆ ಸಾರಾಯಿ ಅಂಗಡಿಯ ವಾಸನೆ ಬರತೊಡಗಿತು.

ಡಿಸ್ಟಿಲರಿಗಳು ಹಿಡಿದದ್ದು ಹಳೆಯ ಸೂತ್ರವನ್ನೇ. ಜಿನೀವಾದ ಆಸ್ಪತ್ರೆಯಲ್ಲಿ ಡಾ. ಡಿಡಿಯರ್ ಪಿಟೆ ಮತ್ತು ಔಷಧತಜ್ಞ ವಿಲಿಯಂ ಗ್ರಿಫಿತ್ಸ್ ಬೆಳೆಸಿದ ಕೈದ್ರಾವಣದ ಪರಂಪರೆಯದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10 ಲೀಟರಿಗೆ ಶೇ 96ರ ಎಥೆನಾಲ್ 8,333 ಮಿ.ಲೀ., ಹೈಡ್ರೋಜನ್ ಪೆರಾಕ್ಸೈಡ್ 417, ಗ್ಲಿಸರಿನ್ 145 ಮಿ.ಲೀ.; ಮಿಕ್ಕಿದ್ದು ನೀರು. ಸುಗಂಧ ಬೇಡವೆಂದೇ ಸಂಸ್ಥೆಯ ಸಲಹೆ, ಅಲರ್ಜಿಯ ಭಯಕ್ಕೆ.

ಹಾಗಾದರೆ ವಾಸನೆ ಎಲ್ಲಿಯದು? ಶುದ್ಧ ಎಥೆನಾಲ್ ಅರ್ಧ ನಿಮಿಷದೊಳಗೆ ಅಂಗೈಯಿಂದ ಆರಿಹೋಗುತ್ತದೆ. ಕಾಕಂಬಿಯನ್ನು ಹುಳಿಯಿಸಿ ಬಟ್ಟಿ ಇಳಿಸುವಾಗ ಅದರ ಜೊತೆ ಫ್ಯೂಸೆಲ್ ಎಣ್ಣೆ ಎಂಬ ಭಾರದ ಆಲ್ಕೋಹಾಲ್‌ಗಳೂ ಹುಟ್ಟುತ್ತವೆ. ಅವುಗಳಲ್ಲೊಂದಾದ ಐಸೋಅಮೈಲ್ ಆಲ್ಕೋಹಾಲ್ ಕುದಿಯಲು 131 ಡಿಗ್ರಿ ಬೇಕು, ಎಥೆನಾಲ್‌ಗೆ 78 ಸಾಕು. ಹೀಗಾಗಿ ಎಥೆನಾಲ್ ಹೋದ ಮೇಲೂ ಇದು ಚರ್ಮಕ್ಕಂಟಿ ನಾರುತ್ತದೆ. ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧಗೊಳಿಸಿದ, ಡಿಸ್ಟಿಲರಿಯವರು ಇಎನ್‌ಎ ಎನ್ನುವ ಸ್ಪಿರಿಟ್‌ನಲ್ಲಿ ಈ ಕಾಟ ಬಹಳ ಕಡಿಮೆ. ಸಾಧಾರಣ ರೆಕ್ಟಿಫೈಡ್ ಸ್ಪಿರಿಟ್ ಬಳಸಿದರೆ ಮೂಗು ಕೂಡಲೇ ಹಿಡಿಯುತ್ತದೆ. ಪರೀಕ್ಷಿಸಬೇಕೆ? ಬಿಳಿ ಕಾಗದಕ್ಕೆ ಒಂದು ಹನಿ ಹಾಕಿ, ಪೂರ್ತಿ ಆರಿದ ಮೇಲೆ ಮೂಸಿ ನೋಡಿ.

ನಿಂಬೆ, ಲ್ಯಾವೆಂಡರ್ ಘಮ ಬಂದದ್ದು ಈ ವಾಸನೆಯನ್ನು ಮುಚ್ಚಲು. ಆದರೆ ನಿಂಬೆಯ ಲಘು ಘಮ ಬೇಗ ಹಾರಿಹೋಗುತ್ತದೆ, ಫ್ಯೂಸೆಲ್ ವಾಸನೆ ಹಿಂದುಳಿಯುತ್ತದೆ. ಸ್ಪಿರಿಟ್ಟನ್ನು ಶುದ್ಧಗೊಳಿಸದೆ ಸೆಂಟ್ ಸುರಿಯುವುದು ನನಗೆ ಅಗ್ಗದ ಉಪಾಯವಾಗಿ ಕಾಣುತ್ತದೆ.

ಇನ್ನು ಕೈ ಒಣಗುವ ದೂರು. ಆಲ್ಕೋಹಾಲ್ ಚರ್ಮದ ಎಣ್ಣೆಯಂಶವನ್ನು ಕರಗಿಸುವುದು ನಿಜ, ಆದರೆ ಬಹುಪಾಲು ಅದು ಅಲ್ಲೇ ಉಳಿದು ಗ್ಲಿಸರಿನ್ ಜೊತೆ ಮತ್ತೆ ಹರಡಿಕೊಳ್ಳುತ್ತದೆ. ಸೋಪು, ಹ್ಯಾಂಡ್‌ವಾಷ್ ಅದನ್ನು ನೀರಿನೊಂದಿಗೆ ತೊಳೆದೇ ಬಿಡುತ್ತವೆ. ನರ್ಸುಗಳ ಕೈಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಹೆಚ್ಚು ಒಣಗಿಸಿದ್ದು ಸೋಪೇ. ಆದರೂ ಬೈಗುಳ ಸ್ಯಾನಿಟೈಸರಿಗೆ, ಏಕೆಂದರೆ ಸೋಪಿನಿಂದ ಬಿರಿದ ಕೈಗೆ ಅದು ತಾಗಿದಾಗಲೇ ಉರಿ ಗೊತ್ತಾಗುವುದು. ಒಣಗದಿರಲೆಂದು ಗ್ಲಿಸರಿನ್ ಹೆಚ್ಚಿಸಿದರೆ ಕೈ ಅಂಟುತ್ತದೆ. ಅದಕ್ಕಿಂತ ಸೋಪಿನಲ್ಲಿ ತೊಳೆದ ಬೆನ್ನಿಗೇ ಸ್ಯಾನಿಟೈಸರ್ ಸವರುವ ಅಭ್ಯಾಸವನ್ನು ಬಿಡುವುದೇ ಸುಲಭ.

ಉರಿ ಆ ಕ್ಷಣಕ್ಕೆ ನಿಲ್ಲದೆ, ಒಂದೆರಡು ದಿನದ ಮೇಲೆ ಬೆರಳ ಸಂದಿಯಲ್ಲಿ ತುರಿಕೆ, ಗುಳ್ಳೆ ಎದ್ದರೆ ಅನುಮಾನ ಘಮದ ಮೇಲಿರಲಿ. ನಿಂಬೆ ಘಮದ ಲಿಮೊನೀನ್, ಲ್ಯಾವೆಂಡರಿನ ಲಿನಲೂಲ್ ಗಾಳಿ ತಗುಲಿ ಹಳತಾದಂತೆ ಅಲರ್ಜಿ ತರುವ ರೂಪಕ್ಕೆ ತಿರುಗುತ್ತವೆ. ಕೆಲವು ವಾರ ಸುಗಂಧವಿಲ್ಲದ ಬಾಟಲಿ ಬಳಸಿದಾಗ ತುರಿಕೆ ನಿಂತರೆ ಅನುಮಾನ ಬಲವಾಗುತ್ತದೆ. ಖಚಿತಪಡಿಸಲು ಚರ್ಮವೈದ್ಯರ ಪ್ಯಾಚ್ ಪರೀಕ್ಷೆ ಇದೆ.