ಪುಲಿಯೋ ಪುಳಿಯೋ: ತಮಿಳು ಬರಹದ ಮೂರು ಲಕಾರ, ಎರಡು ರಕಾರ

ತಮಿಳಿನಲ್ಲಿ ‘ಪುಲಿ’ ಎಂದರೆ ಹುಲಿ, ‘ಪುಳಿ’ ಎಂದರೆ ಹುಣಸೆ. ‘ಒಲಿ’ ಸದ್ದು, ‘ಒಳಿ’ ಬೆಳಕು, ‘ಒೞಿ’ ಅಂದರೆ ಇಲ್ಲವಾಗಿಸು. ‘ಅರೈ’ ಅರ್ಧ, ‘ಅಱೈ’ ಕೋಣೆ. ಒಂದಕ್ಷರ ಬದಲಾದರೆ ಅರ್ಥವೇ ಬದಲಾಗುವ ಇಂಥ ಜೋಡಿಗಳು ತಮಿಳಿನಲ್ಲಿ ನೂರಾರಿವೆ. ಕೇಳುವಾಗ ಗೊಂದಲ ಹುಟ್ಟಿಸುವ ಈ ಅಕ್ಷರಗಳನ್ನು ತಮಿಳು ವ್ಯಾಕರಣ ‘ಮಯಂಗೊಲಿ’ ಎಂದು ಕರೆಯುತ್ತದೆ. ಲ, ಳ, ೞ ಎಂಬ ಮೂರು ಲಕಾರಗಳೂ ರ, ಱ ಎಂಬ ಎರಡು ರಕಾರಗಳೂ ಆ ಗುಂಪಿಗೆ ಸೇರಿವೆ. ತಮಿಳು ಶಾಲೆಗಳ ಮಕ್ಕಳ ಪ್ರಬಂಧದ ಹಾಳೆಗಳಲ್ಲಿ ಕೆಂಪು ಶಾಯಿ ಮತ್ತೆ ಮತ್ತೆ ಬೀಳುವುದು ಇವುಗಳ ಮೇಲೆಯೇ.

ಈ ಐದನ್ನೂ ಬರೆದು ತೋರಿಸಲು ಕನ್ನಡದಲ್ಲಿ ಅಕ್ಷರಗಳಿವೆ. ಹಳಗನ್ನಡ ಓದಿದವರಿಗೆ ೞ ಮತ್ತು ಱ ಹೊಸವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ೞಕಾರವನ್ನು ಬೇರೆಯಾಗಿಯೇ ಎಣಿಸಿದ್ದಾನೆ. ಆಮೇಲೆ ಕನ್ನಡದಲ್ಲಿ ೞ ಬಹುಮಟ್ಟಿಗೆ ಳಕಾರದಲ್ಲಿ, ಱ ರಕಾರದಲ್ಲಿ ಕರಗಿಹೋದವು. ‘ಮೞೆ’ ಮಳೆಯಾಯಿತು, ‘ಆಱು’ ಆರಾಯಿತು. ತಮಿಳಿನಲ್ಲೂ ಬಾಯಿಮಾತು ಸಾಗಿದ್ದು ಅದೇ ದಾರಿಯಲ್ಲಿ. ಬರಹ ಮಾತ್ರ ಹಳೆಯ ಲೆಕ್ಕವನ್ನು ಬಿಡಲಿಲ್ಲ. ಮಧುರೆ, ತಿರುನೆಲ್ವೇಲಿಯ ಕಡೆ ‘ಪೞಂ’ (ಹಣ್ಣು) ‘ಪಳಂ’ ಆಗಿ ಕೇಳಿಸುವುದು ಸಾಮಾನ್ಯ. ಎರಡು ರಕಾರಗಳ ನಡುವಿನ ವ್ಯತ್ಯಾಸವಂತೂ ಬಹಳ ಜನರ ಮಾತಿನಲ್ಲಿ ಅಳಿದೇ ಹೋಗಿದೆ. ಹೀಗಾಗಿ ‘ಸರಿಯಾಗಿ ಕೇಳಿಸಿಕೊಂಡು ಬರಿ’ ಎಂದು ಮಗುವಿಗೆ ಹೇಳಿ ಪ್ರಯೋಜನವಿಲ್ಲ. ಕಿವಿಗೆ ಬೀಳದ ವ್ಯತ್ಯಾಸವನ್ನು ಕೈ ಬರೆಯುವುದು ಹೇಗೆ?

ಉಚ್ಚಾರಣೆಯನ್ನು ಕಲಿಸಬೇಕು ನಿಜ. ಲಕಾರಕ್ಕೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಬುಡಕ್ಕೆ ತಾಗುತ್ತದೆ. ಳಕಾರಕ್ಕೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ೞಕಾರಕ್ಕೆ ಹಾಗೆಯೇ ಮಡಚಿದರೂ ಎಲ್ಲಿಯೂ ತಾಗುವುದಿಲ್ಲ. ಆದರೆ ಬರಹದ ತಪ್ಪು ತಿದ್ದಲು ಇದಕ್ಕಿಂತ ನಂಬಿಕಸ್ತ ಸಾಕ್ಷಿ ವ್ಯಾಕರಣದೊಳಗಿದೆ. ಮಾತಿನಲ್ಲಿ ಒಂದಾದ ಅಕ್ಷರಗಳು ಪದ ರೂಪ ಬದಲಿಸಿದಾಗ ಮತ್ತೆ ಬೇರೆ ಬೇರೆಯಾಗುತ್ತವೆ.

ಒಂದು ಉದಾಹರಣೆ ನೋಡೋಣ. ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದಾನೆ ಎಂದಿಟ್ಟುಕೊಳ್ಳಿ: ‘ಪಲ್ಲಿ ವಿಟ್ಟು ವಂದಪೋದು ಮಳೈ ಪೆಯ್ದದು. ಒರು ಮಱತ್ತಿನ್ ಕೀೞ್ ನಿನ್ರೇನ್. ಓಡ ಮುಯಱ್ಚ್ಚಿ ಶೆಯ್ದೇನ್. ಅಂದ ನಾಲೈ ಮಱಕ್ಕವಿಲ್ಲೈ.’ ಶಾಲೆ ಬಿಟ್ಟು ಬರುವಾಗ ಮಳೆ ಬಂತು, ಒಂದು ಮರದ ಕೆಳಗೆ ನಿಂತೆ, ಓಡಲು ಪ್ರಯತ್ನಿಸಿದೆ, ಆ ದಿನವನ್ನು ಮರೆತಿಲ್ಲ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಇಲ್ಲಿ ಆರು ತಪ್ಪುಗಳಿವೆ. ಆರಕ್ಕೂ ಸರಿಯಕ್ಷರ ಬರೆದುಕೊಟ್ಟು ಹತ್ತು ಸಲ ಬರೆಯಿಸುವುದು ರೂಢಿ. ಆದರೆ ಈ ಆರೂ ಒಂದೇ ಜಾತಿಯ ತಪ್ಪುಗಳಲ್ಲ.

ಮೊದಲಿಗೆ ‘ನಿನ್ರೇನ್’ ಮತ್ತು ‘ಮುಯಱ್ಚ್ಚಿ’. ಇವನ್ನು ಅಕ್ಷರ ಕುಳಿತ ಜಾಗವೇ ತಿದ್ದುತ್ತದೆ. ತಮಿಳಿನ ಅಚ್ಚ ಪದಗಳಲ್ಲಿ ‘ನ್’ ಆದಮೇಲೆ ರಕಾರ ಬಂದರೆ ಅದು ಱ ಮಾತ್ರ: ಮೂನ್ಱು, ನನ್ಱಿ, ನಿನ್ಱೇನ್. ಒತ್ತಾಗಿ ಬರುವುದೂ ಱ ಒಂದೇ: ಕಾಱ್ಱು (ಗಾಳಿ), ನೇಱ್ಱು (ನಿನ್ನೆ). ರಕಾರಕ್ಕೆ ಇಮ್ಮಡಿಯಾಗುವ ಹಕ್ಕಿಲ್ಲ. ಇನ್ನು ‘ಱ್’ ಆದಮೇಲೆ ಬೇರೊಂದು ವ್ಯಂಜನ ಬಂದರೆ ಅದು ಒಂಟಿಯಾಗಿಯೇ ಇರಬೇಕು. ‘ಪಾರ್ತ್ತೇನ್’ ಎಂಬಲ್ಲಿ ರ್ ಆದಮೇಲೆ ತಕಾರ ಎರಡಾಗಬಹುದು. ಱ್ ಆದಮೇಲೆ ಆಗದು. ಆದ್ದರಿಂದ ಸರಿಯಾದ ರೂಪ ‘ಮುಯಱ್ಚಿ’. ದೊಡ್ಡವರ ಬರಹದಲ್ಲೂ ಈ ತಪ್ಪು ಎದ್ದು ಕಾಣುತ್ತದೆ.

‘ನಾಲೈ’ ಎರಡನೆಯ ಜಾತಿ. ಇಲ್ಲಿ ಜಾಗ ಏನನ್ನೂ ಹೇಳುವುದಿಲ್ಲ. ಪದವನ್ನು ಇನ್ನೊಂದರ ಜೊತೆ ಕೂಡಿಸಿ ನೋಡಬೇಕು. ದಿನಚರಿಗೆ ತಮಿಳಿನಲ್ಲಿ ‘ನಾಟ್ಕುಱಿಪ್ಪು’ ಎನ್ನುತ್ತಾರೆ. ಕ, ಚ, ಪಗಳ ಮುಂದೆ ‘ಳ್’ ಇದ್ದದ್ದು ಹೀಗೆ ‘ಟ್’ ಆಗುತ್ತದೆ, ‘ಲ್’ ಇದ್ದದ್ದು ‘ಱ್’ ಆಗುತ್ತದೆ. ಕಡಲ್ ಮತ್ತು ಕರೈ ಸೇರಿದರೆ ‘ಕಡಱ್ಕರೈ’. ‘ೞ್’ ಮಾತ್ರ ಇದ್ದ ಹಾಗೆಯೇ ಉಳಿಯುತ್ತದೆ: ತಮಿೞ್ಪ್ಪಾಡಂ. ‘ನಾಟ್ಕುಱಿಪ್ಪು’ ಎಂಬುದು ಮಗುವಿಗೆ ಮೊದಲೇ ಗೊತ್ತಿರುವ ಪದ. ಅದರಲ್ಲಿ ಟಕಾರವಿದೆ ಎಂದಮೇಲೆ ಮೂಲಪದ ‘ನಾಳ್’ ಎಂದು ಅದೇ ಕಂಡುಕೊಳ್ಳಬಲ್ಲದು.

ಕ್ರಿಯಾಪದಗಳಲ್ಲಿ ಈ ಪರೀಕ್ಷೆ ಇನ್ನೂ ಸುಲಭ. ಭೂತಕಾಲಕ್ಕೆ ತಿರುಗಿಸಿದರೆ ‘ಶೆಲ್’ (ಹೋಗು) ‘ಶೆನ್ಱಾನ್’ ಆಗುತ್ತದೆ, ‘ಆಳ್’ ‘ಆಂಡಾನ್’ ಆಗುತ್ತದೆ, ‘ವಾೞ್’ (ಬಾಳು) ‘ವಾೞ್ಂದಾನ್’ ಆಗುತ್ತದೆ. ಕನ್ನಡಿಗರಿಗೆ ಇದರ ನೆರಳು ಗೊತ್ತು. ನಮ್ಮಲ್ಲೂ ಕೊಲ್ಲು ಎಂಬುದಕ್ಕೆ ಕೊಂದ, ಕೊಳ್ಳು ಎಂಬುದಕ್ಕೆ ಕೊಂಡ. ತಮಿಳಿನಲ್ಲಿ ಕೊಲ್, ಕೊನ್ಱಾನ್, ಕೊಳ್, ಕೊಂಡಾನ್. ‘ಶೊಲ್’ (ಹೇಳು) ಮಾತ್ರ ‘ಶೊನ್ನಾನ್’ ಆಗಿ ಸಾಲು ತಪ್ಪುತ್ತದೆ. ಅಂಥವನ್ನು ಬೇರೆಯಾಗಿ ಹೇಳಿಕೊಡಬೇಕು.

ಉಳಿದವು ಪಲ್ಲಿ, ಮಳೈ, ಮಱ. ಇವಕ್ಕೆ ಪೂರ್ತಿ ಉತ್ತರ ಕೊಡುವ ಸೂತ್ರವಿಲ್ಲ, ನೆನಪೇ ಗತಿ. ಹಾಗಿದ್ದರೂ ಬಿಡಿ ಪದಕ್ಕಿಂತ ಜೋಡಿಯನ್ನು ವಾಕ್ಯದಲ್ಲಿಟ್ಟು ಕಲಿಸಿದರೆ ನೆನಪು ನಿಲ್ಲುತ್ತದೆ. ‘ಪಳ್ಳಿಯಿನ್ ಶುವರಿಲ್ ಪಲ್ಲಿ’ ಅಂದರೆ ಶಾಲೆಯ ಗೋಡೆಯ ಮೇಲೆ ಹಲ್ಲಿ. ‘ಮಲೈಯಿಲ್ ಮೞೈ’ ಅಂದರೆ ಬೆಟ್ಟದಲ್ಲಿ ಮಳೆ. ‘ಮರಂ’ ಮರವಾದರೆ ‘ಮಱಂ’ ಶೌರ್ಯ. ಹೊಸೂರು, ಕೃಷ್ಣಗಿರಿಯ ಕಡೆ ಮನೆಯಲ್ಲಿ ಕನ್ನಡ ಆಡುತ್ತ ಶಾಲೆಯಲ್ಲಿ ತಮಿಳು ಕಲಿಯುವ ಮಗುವಿಗೆ ಲ ಮತ್ತು ಳ ಬೇರ್ಪಡಿಸಲು ಮನೆಮಾತೇ ನೆರವಾಗುತ್ತದೆ: ಹಲ್ಲಿಯ ನಂಟು ಪಲ್ಲಿ, ಹಳ್ಳಿಯ ನಂಟು ಪಳ್ಳಿ. ಆದರೆ ಮಳೆ ಎಂಬುದನ್ನು ನೆಚ್ಚಿ ‘ಮಳೈ’ ಎಂದು ಬರೆದರೆ ತಪ್ಪಾಗುತ್ತದೆ. ಕನ್ನಡ ಕಳೆದುಕೊಂಡ ವ್ಯತ್ಯಾಸವನ್ನು ಕನ್ನಡದಿಂದ ಮರಳಿ ಪಡೆಯಲಾಗದು. ೞಕಾರ ಎಂದೂ ಒತ್ತಾಗಿ ಬರುವುದಿಲ್ಲ ಎಂಬ ಒಂದು ಸುಳಿವಷ್ಟೇ ಅಲ್ಲಿ ಕೈಗೆ ಸಿಗುತ್ತದೆ.

ಮೇಷ್ಟರು ಹೆಚ್ಚು ಬೈದರೆ ಇನ್ನೊಂದು ಕಾಯಿಲೆ ಶುರುವಾಗುತ್ತದೆ. ತಪ್ಪಿಗೆ ಹೆದರಿದ ಮಗು ಳಕಾರ ಇರಬೇಕಾದಲ್ಲೆಲ್ಲ ೞ ಬರೆಯತೊಡಗುತ್ತದೆ. ‘ಪಳ್ಳಿ’ ‘ಪೞ್ೞಿ’ ಆಗುತ್ತದೆ. ಹಾಳೆಯಲ್ಲಿ ಇಂಥವು ಕಂಡರೆ ಮಗುವಿಗೆ ಅಕ್ಷರ ಗೊತ್ತಿಲ್ಲವೆಂದಲ್ಲ, ಊಹಿಸಿ ಬರೆಯುತ್ತಿದೆ ಎಂದರ್ಥ. ಇನ್ನೊಂದು ಎಚ್ಚರಿಕೆ ತಿದ್ದುವವರಿಗೆ: ಪವಳಂ ಮತ್ತು ಪವೞಂ (ಹವಳ), ಮಂಗಲಂ ಮತ್ತು ಮಂಗಳಂ, ಇಂಥ ಕೆಲವು ಪದಗಳಿಗೆ ಎರಡು ರೂಪಗಳೂ ಬಳಕೆಯಲ್ಲಿವೆ. ಅಲ್ಲಿ ಕೆಂಪು ಗೆರೆ ಎಳೆಯುವ ಮೊದಲು ನಿಘಂಟು ತೆರೆಯಬೇಕು.

ಆದ್ದರಿಂದ ಹಾಳೆ ಕೈಗೆ ಬಂದಾಗ ಸರಿಯಕ್ಷರ ಬರೆದುಕೊಡದೆ ತಪ್ಪಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಜಾಗ’, ‘ರೂಪ’, ‘ನೆನಪು’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಮೊದಲೆರಡನ್ನು ಮಗು ತಾನೇ ತಿದ್ದಿ ತರಲಿ. ಹತ್ತು ಸಲ ಬರೆಯಿಸುವ ಶ್ರಮವನ್ನು ಮೂರನೆಯದಕ್ಕೆ ಮಾತ್ರ ಉಳಿಸಿಕೊಳ್ಳಿ.