ಮೇಕೆ ಹಾಲು: ಮೇವಿನ ಲೆಕ್ಕ, ಕರೆಯುವ ಕ್ರಮ

ಹ್ಯಾಂಡ್‌ಪೋಸ್ಟ್ ಸುತ್ತಿನ ಊರುಗಳಲ್ಲಿ ಬೆಳಗ್ಗೆ ಡೇರಿಗೆ ಹೋಗುವುದು ಹಸುವಿನ ಹಾಲು. ಮೇಕೆಯನ್ನು ಇಲ್ಲಿ ಹೆಚ್ಚಾಗಿ ಸಾಕುವುದು ಮಾಂಸಕ್ಕೆ. ಆದರೆ ಇಲ್ಲಿಂದ ಎಚ್.ಡಿ. ಕೋಟೆ, ಬಾವಲಿ ದಾಟಿ ಮಾನಂದವಾಡಿ ಕಡೆಗೆ ಹೋದರೆ ಮಲಬಾರಿ ಮೇಕೆಯ ಸೀಮೆ ಸಿಗುತ್ತದೆ. ತಲಚೇರಿ ಮೇಕೆ ಎಂದೂ ಹೆಸರಿರುವ ಈ ತಳಿ ಮಾಂಸಕ್ಕೂ ಆಗುತ್ತದೆ, ಹಾಲಿಗೂ ಆಗುತ್ತದೆ. ಅದಕ್ಕೆ ಬೀಟಲ್ ಅಥವಾ ಜಮುನಾಪಾರಿ ಹೋತ ಕೂಡಿಸಿ ಪಡೆದ ಮಿಶ್ರತಳಿಯನ್ನು ಚೆನ್ನಾಗಿ ನೋಡಿಕೊಂಡರೆ ದಿನಕ್ಕೆ ಒಂದೂವರೆ ಲೀಟರ್ ಹಾಲು ಕರೆಯಬಹುದು. ಕಷ್ಟವಿರುವುದು ಆ ಒಂದೂವರೆ ಲೀಟರ್ ಕುಸಿಯದಂತೆ ತಿಂಗಳುಗಟ್ಟಲೆ ಉಳಿಸಿಕೊಳ್ಳುವುದರಲ್ಲಿ.

ನಲವತ್ತು ಕಿಲೋ ತೂಗುವ, ಒಂದೂವರೆ ಲೀಟರ್ ಕೊಡುವ ಒಂದು ಮೇಕೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ದಿನಕ್ಕೆ ಸುಮಾರು 3 ಕಿಲೋ ಹಸಿ ಸೊಪ್ಪು, 300 ಗ್ರಾಂ ಹುರುಳಿ ಹೊಟ್ಟು, 725 ಗ್ರಾಂ ತಿಂಡಿ ಬೇಕು. ತಿಂಡಿಯ ಲೆಕ್ಕ ಹೀಗೆ: ಮೈ ಉಳಿಸಿಕೊಳ್ಳಲು 200 ಗ್ರಾಂ, ಆಮೇಲೆ ಕರೆದ ಪ್ರತಿ ಲೀಟರಿಗೆ 350 ಗ್ರಾಂ. ಹತ್ತು ಕಿಲೋ ತಿಂಡಿ ಕಲಸುವಾಗ 4 ಕಿಲೋ ಮುಸುಕಿನ ಜೋಳದ ನುಚ್ಚು, ಎರಡೂವರೆ ಕಿಲೋ ಕಡ್ಲೆಕಾಯಿ ಹಿಂಡಿ, 3 ಕಿಲೋ 200 ಗ್ರಾಂ ಗೋಧಿ ಬೂಸಾ, 200 ಗ್ರಾಂ ಖನಿಜ ಮಿಶ್ರಣ, 100 ಗ್ರಾಂ ಉಪ್ಪು ಹಾಕಿದರೆ ಸರಿಹೋಗುತ್ತದೆ. ಇದನ್ನು ಬೆಳಗ್ಗೆ ಅರ್ಧ, ಸಂಜೆ ಅರ್ಧ ಕೊಡಬೇಕು. ಹಾಲು ಹೆಚ್ಚಲಿ ಎಂದು ಒಂದೇ ದಿನ ನುಚ್ಚು ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. ಮೇಕೆ ಮೆಲುಕು ನಿಲ್ಲಿಸುತ್ತದೆ, ಹಿಕ್ಕೆಯ ಬದಲು ತೆಳ್ಳಗೆ ಭೇದಿ ಹಾಕುತ್ತದೆ, ಹಾಲು ಬತ್ತುತ್ತದೆ. ಈದ ಮೇಲೆ ಎರಡು ವಾರ ಹಿಡಿದು ತಿಂಡಿಯನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಹಾಲು ತುದಿ ಮುಟ್ಟುವುದು ಆರರಿಂದ ಎಂಟನೇ ವಾರದ ಹೊತ್ತಿಗೆ. ಅಲ್ಲಿಂದ ಮುಂದೆ ನಿಧಾನವಾಗಿ ಇಳಿಯುವುದು ಸಹಜ. ದಿಢೀರನೆ ಇಳಿದರೆ ಮಾತ್ರ ಹಿಂದಿನ ದಿನದ ಗೋದಲಿಯನ್ನೂ ನೀರಿನ ತೊಟ್ಟಿಯನ್ನೂ ನೋಡಬೇಕು. ನೀರು ಕಮ್ಮಿಯಾದರೆ ಹಾಲು ಅಂದೇ ಕಮ್ಮಿಯಾಗುತ್ತದೆ.

ಮೇಕೆ ನೆಲಕ್ಕೆ ಬಿದ್ದು ತುಳಿದ ಸೊಪ್ಪನ್ನು ಮೂಸಿಯೂ ನೋಡುವುದಿಲ್ಲ. ಅದರ ಮೇಲ್ದುಟಿ ಎಲೆಗಳನ್ನು ಆಯ್ದು ಕೀಳುವುದಕ್ಕೇ ಹೇಳಿ ಮಾಡಿಸಿದಂತಿದೆ. ಹಲಸು, ಹಾಲುವಾಣ, ಅಗಸೆ, ಸುಬಾಬುಲ್ ಸೊಪ್ಪನ್ನು ಕಟ್ಟಾಗಿ ಕಟ್ಟಿ ಅದರ ತಲೆಯೆತ್ತರಕ್ಕೆ ತೂಗುಹಾಕಿದರೆ ಕಡ್ಡಿಯಷ್ಟೇ ಉಳಿಯುತ್ತದೆ. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು. ಅದರಲ್ಲಿರುವ ಮೈಮೋಸಿನ್ ಎಂಬ ವಿಷಾಂಶದಿಂದ ಕೂದಲು ಉದುರುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಇನ್ನೂ ಒಂದು ಎಚ್ಚರ ಬೇಕು. ಎಲೆ ಬಿಡಿಸಿದ ಹೊಗೆಸೊಪ್ಪಿನ ಹೊಲಕ್ಕೆ ಮೇಕೆ ಬಿಡಬಾರದು. ಉಳಿದ ಚಿಗುರಿನಲ್ಲೂ ನಿಕೋಟಿನ್ ಇರುತ್ತದೆ. ಔಷಧಿ ಹೊಡೆದ ಶುಂಠಿ ಹೊಲದ ಬದುವಿನ ಹುಲ್ಲನ್ನೂ ಕೊಯ್ದು ತರಬಾರದು.

ಇನ್ನು ಕರೆಯುವ ವಿಚಾರ. ಮೂರು ವಾರ ತುಂಬಿದ ಮರಿಗಳನ್ನು ರಾತ್ರಿ ಬೇರೆ ಕಟ್ಟಿ, ಬೆಳಗ್ಗೆ ಕರೆದುಕೊಂಡು, ಹಗಲು ತಾಯಿಯ ಜೊತೆ ಬಿಡುವುದು ಸಣ್ಣ ಮಂದೆಗೆ ಒಗ್ಗುವ ಕ್ರಮ. ಆಗ ಮನೆಗೆ ಸಿಗುವುದು ಬೆಳಗಿನ ಹಾಲು, ಉಳಿದದ್ದು ಮರಿಯ ಪಾಲು. ಹೋತವನ್ನು ಹಾಲು ಕರೆಯುವ ಜಾಗದಿಂದ ದೂರ ಕಟ್ಟಬೇಕು. ಮೇಕೆ ಹಾಲಿಗೆ ಗಬ್ಬು ವಾಸನೆ ಎಂದು ಮೂಗು ಮುರಿಯುವವರು ಬಹಳ ಸಲ ಹೋತದ ವಾಸನೆಯನ್ನೇ ಕುಡಿದಿರುತ್ತಾರೆ.

ಮೇಕೆಯನ್ನು ಮೊಣಕಾಲೆತ್ತರದ ಹಲಗೆಯ ಮೇಲೆ ಹತ್ತಿಸಿ, ಮುಂದೆ ತಿಂಡಿ ಇಡಬೇಕು. ಕೆಚ್ಚಲ ಸುತ್ತಿನ ಕೂದಲು ಕತ್ತರಿಸಿರಬೇಕು, ಕೈ ಸೋಪಿನಲ್ಲಿ ತೊಳೆದಿರಬೇಕು. ಮೊಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಒಂದು ಮೇಕೆಗೆ ಬಳಸಿದ ಬಟ್ಟೆ ಇನ್ನೊಂದಕ್ಕೆ ಬೇಡ. ಒರೆಸಿದ ಸ್ವಲ್ಪ ಹೊತ್ತಿಗೆ ಹಾಲು ಇಳಿಯುತ್ತದೆ, ಆ ಇಳಿತ ಕೆಲವೇ ನಿಮಿಷದ್ದು. ಅಷ್ಟರಲ್ಲಿ ಕರೆದು ಮುಗಿಸಬೇಕು. ಹೆಬ್ಬೆರಳು ತೋರುಬೆರಳಿನಿಂದ ಮೊಲೆಯ ಬುಡ ಮುಚ್ಚಿ, ಉಳಿದ ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಒತ್ತಬೇಕು. ಎಳೆದು ಜಗ್ಗಿದರೆ ಒಳಗಿನ ಪದರ ಹರಿದು ರೋಗಾಣುವಿಗೆ ದಾರಿಯಾಗುತ್ತದೆ. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟಲಿಗೆ ಬಿಟ್ಟು ಗರಣೆ, ರಕ್ತದ ಎಳೆ ಇದೆಯೇ ನೋಡಿ ಚೆಲ್ಲಬೇಕು. ಕರೆದಾದ ಮೇಲೆ ಮೊಲೆಯ ತುದಿಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಅರ್ಧ ಗಂಟೆ ಮಲಗದಂತೆ ಸೊಪ್ಪು ಕೊಟ್ಟು ನಿಲ್ಲಿಸಬೇಕು. ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲೇ ಹಿಡಿಯಲು ಬಟ್ಟೆ ಒಗೆಯುವ ಪುಡಿ ಸಾಕು. ಅರ್ಧ ಲೀಟರ್ ನೀರಿಗೆ ಮೂರು ಚಮಚ ಪುಡಿ ಕದಡಿ, ಎಡ ಮೊಲೆಯ ಹಾಲನ್ನೂ ಬಲ ಮೊಲೆಯ ಹಾಲನ್ನೂ ಬೇರೆಬೇರೆ ಬಟ್ಟಲಿನಲ್ಲಿ ಸಮಸಮ ಬೆರೆಸಿ ತಿರುಗಿಸಿ. ಹಸುವಿನ ಲೆಕ್ಕ ಇಲ್ಲಿ ನಡೆಯದು. ಮೇಕೆ ಹಾಲಿನಲ್ಲಿ ಜೀವಕೋಶಗಳು ಸಹಜವಾಗಿಯೇ ಹೆಚ್ಚು, ಹಾಗಾಗಿ ಎರಡೂ ಬಟ್ಟಲು ಒಂದೇ ಸಮ ತುಸು ಲೋಳೆಯಾದರೆ ಗಾಬರಿ ಬೇಡ, ಕೆಲವು ದಿನ ಬಿಟ್ಟು ಮತ್ತೆ ನೋಡಿದರಾಯಿತು. ಒಂದು ನೀರಾಗಿದ್ದು ಇನ್ನೊಂದು ಗಟ್ಟಿ ಲೋಳೆಯಾದರೆ ಆ ಬದಿಯನ್ನು ಪಶುವೈದ್ಯರಿಗೆ ತೋರಿಸಬೇಕು. ಆ ಮೇಕೆಯನ್ನು ಕೊನೆಯಲ್ಲಿ ಕರೆಯಬೇಕು, ಆ ಹಾಲನ್ನು ಕುಡಿಯಬಾರದು. ಚುಚ್ಚುಮದ್ದು ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನವೂ ಹಾಲು ಬಳಸುವಂತಿಲ್ಲ.

ಒಳ್ಳೆಯ ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ, ಪಾತ್ರೆಯನ್ನು ತಕ್ಷಣ ತಣ್ಣೀರಿನಲ್ಲಿ ಇಟ್ಟು, ತಡಮಾಡದೆ ಕಾಯಿಸಬೇಕು. ಹಸಿ ಮೇಕೆ ಹಾಲು ಔಷಧಿ ಎಂದು ನೊರೆಹಾಲನ್ನೇ ಕುಡಿಯುವವರಿದ್ದಾರೆ. ವಾರಗಟ್ಟಲೆ ಜ್ವರ, ಕೀಲುನೋವು ತರುವ ಬ್ರುಸೆಲ್ಲಾ ಮೇಕೆಯಿಂದ ಮನುಷ್ಯರಿಗೆ ಬರುವ ದಾರಿಗಳಲ್ಲಿ ಅದೂ ಒಂದು. ಒಮ್ಮೆ ಉಕ್ಕುವವರೆಗೆ ಕಾಯಿಸಿದರೆ ಆ ರೋಗಾಣು ಸಾಯುತ್ತದೆ.