ಫೋನು ದುಬೈನಲ್ಲಿ, ದೀಪ ಬೆಂಗಳೂರಿನಲ್ಲಿ

ಬೆಂಗಳೂರಿನ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳಿಗ್ಗೆ 6ಕ್ಕೆ ಗೀಸರ್ ತಾನಾಗಿ ಆನ್ ಆಗಬೇಕು, ಸೂರ್ಯ ಮುಳುಗಿದೊಡನೆ ಗೇಟಿನ ದೀಪ ಹತ್ತಬೇಕು. ಮಗ ಎರಡನ್ನೂ ತನ್ನ ಫೋನಿನಲ್ಲೇ ಹೊಂದಿಸಿಟ್ಟು ಡಿಸೆಂಬರ್ ಕೊನೆಯಲ್ಲಿ ದುಬೈಗೆ ಹೋಗುತ್ತಾನೆ. ಮರುದಿನ ಗೀಸರ್ ಆನ್ ಆಗುವುದು ಏಳೂವರೆಗೆ, ದೀಪ ಹತ್ತುವುದು ಏಳು ದಾಟಿದ ಮೇಲೆ. ಯಾವ ಯಂತ್ರವೂ ಕೆಟ್ಟಿಲ್ಲ.

ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಳಿದ ಫೋನು ತನ್ನ ಸಮಯವನ್ನು ಬದಲಿಸಿಕೊಳ್ಳುತ್ತದೆ. ಅದರ ಪಾಲಿಗೆ 6 ಗಂಟೆಯಾದಾಗ ಬೆಂಗಳೂರಿನಲ್ಲಿ 7.30. ಹಾಗಾಗಿ ಗೀಸರ್ ಸರಿಯಾಗಿ ಒಂದೂವರೆ ಗಂಟೆ ತಡ. ದೀಪದ ಲೆಕ್ಕ ಬೇರೆ. ಸೂರ್ಯಾಸ್ತದ ಹೊತ್ತನ್ನು ಅಕ್ಷಾಂಶ, ರೇಖಾಂಶ, ದಿನಾಂಕಗಳಿಂದ ಕಂಡುಹಿಡಿಯುತ್ತಾರೆ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸುಮಾರು 6ಕ್ಕೆ. ದುಬೈ ಉತ್ತರಕ್ಕಿರುವುದರಿಂದ ಅಲ್ಲಿ ಚಳಿಗಾಲದ ಹಗಲು ಇನ್ನೂ ಚಿಕ್ಕದು; ಅಲ್ಲಿನ ಸೂರ್ಯಾಸ್ತ ನಮ್ಮ ಗಡಿಯಾರದಲ್ಲಿ ಸುಮಾರು 7.05. ದೀಪ ತಡವಾದದ್ದು ಒಂದು ಗಂಟೆಯಷ್ಟೇ. ಅದೇ ಕಾರಣಕ್ಕೆ ಸೂರ್ಯೋದಯಕ್ಕೆ ಕಟ್ಟಿದ ಕೆಲಸ ಸುಮಾರು ಎರಡು ಗಂಟೆ ತಡವಾಗುತ್ತದೆ.

ತಪ್ಪು ಎಲ್ಲಿದೆ ಎಂದು ಗುರುತಿಸಲು ಈ ವ್ಯತ್ಯಾಸವೇ ಸಾಕು. ನಿಗದಿತ ಗಂಟೆಯ ಕೆಲಸ ಎರಡು ಊರುಗಳ ಗಡಿಯಾರದ ಅಂತರದಷ್ಟೇ ಜರುಗಿದ್ದರೆ ಅದು ಫೋನಿನ ಸಮಯವಲಯವನ್ನು ಹಿಡಿದಿದೆ. ಸೂರ್ಯನಿಗೆ ಕಟ್ಟಿದ ಕೆಲಸ ಬೇರೆ ಅಳತೆಯಲ್ಲಿ ಜರುಗಿದ್ದರೆ ಅದು ಫೋನಿನ ಜಾಗವನ್ನು ಹಿಡಿದಿದೆ.

ಪರಿಹಾರವೆಂದರೆ ನಿಯಮವನ್ನು ಫೋನಿನಿಂದ ತೆಗೆದು ಮನೆಯಲ್ಲೇ ಇರುವ ಹಬ್‌ಗೆ ಒಪ್ಪಿಸುವುದು. ಐಫೋನಿನ ಶಾರ್ಟ್‌ಕಟ್ಸ್‌ನಲ್ಲಿ ಮಾಡಿದ ವೈಯಕ್ತಿಕ ಆಟೊಮೇಷನ್ ಫೋನಿನಲ್ಲಿ ಓಡುತ್ತದೆ. ಹೋಮ್ ಆ್ಯಪ್‌ನಲ್ಲಿ ಮಾಡಿದ್ದು ಮನೆಯ ಹೋಮ್‌ಪಾಡ್ ಅಥವಾ ಆ್ಯಪಲ್ ಟಿವಿಯಲ್ಲಿ ಓಡುತ್ತದೆ. ಹೋಮ್ ಅಸಿಸ್ಟೆಂಟ್ ಬಳಸುವವರು ಮನೆಯ ಅಕ್ಷಾಂಶ, ರೇಖಾಂಶಗಳ ಜೊತೆಗೆ ಸಮಯವಲಯ `Asia/Kolkata` ಎಂದಿದೆಯೇ ನೋಡಿಕೊಳ್ಳಬೇಕು. ಅಷ್ಟಾದರೆ ಫೋನು ಎಲ್ಲಿಗೆ ಹೋದರೂ ಅಲ್ಲಿ ಸೂರ್ಯ ಬೆಂಗಳೂರಿನದೇ.

ಇನ್ನೊಂದು ಗೊಂದಲವೂ ಉಂಟು. ದೀಪ ಬೆಂಗಳೂರಿನಲ್ಲಿ 6ಕ್ಕೇ ಹತ್ತಿದ್ದರೂ ದುಬೈನಲ್ಲಿರುವ ಫೋನಿನ ದಾಖಲೆ 4.30 ಎಂದು ತೋರಿಸಬಹುದು. ಅದು ತೋರಿಸುವ ರೀತಿಯ ವ್ಯತ್ಯಾಸ, ಕೆಲಸದ ತಪ್ಪಲ್ಲ. ಅದನ್ನು ಕಂಡು ನಿಯಮವನ್ನು ತಿದ್ದಿದರೆ ಸರಿಯಿದ್ದದ್ದು ಕೆಡುತ್ತದೆ. ಮೊದಲು ಮನೆಯವರಿಗೆ ಫೋನ್ ಮಾಡಿ ಕೇಳಿ.

ಊರಿಗೆ ಹೊರಡುವ ಮುನ್ನ ಒಂದು ಸಂಜೆ ಫೋನನ್ನು ಪೂರ್ತಿ ಆಫ್ ಮಾಡಿ ನೋಡಿ. ದೀಪ ಹತ್ತದಿದ್ದರೆ ನಿಯಮ ಫೋನಿನಲ್ಲೇ ಇದೆ. ಹತ್ತಿದರೆ ಮರುದಿನ ಫೋನಿನ ಸಮಯವಲಯವನ್ನು ಕೈಯಾರೆ ದುಬೈಗೆ ಬದಲಿಸಿ, ಗೀಸರ್ ಆರಕ್ಕೇ ಆನ್ ಆಗುತ್ತದೆಯೇ ಗಮನಿಸಿ. ಈ ಪರೀಕ್ಷೆಯಿಂದ ಗಡಿಯಾರದ ತಪ್ಪಷ್ಟೇ ಗೊತ್ತಾಗುತ್ತದೆ. ಫೋನು ಮನೆಯಲ್ಲೇ ಇರುವುದರಿಂದ ಜಾಗದ ತಪ್ಪು ಕಾಣುವುದಿಲ್ಲ. ಅದಕ್ಕೆ ಆ್ಯಪ್‌ನಲ್ಲಿ ಮನೆಯ ವಿಳಾಸ ತುಂಬಿದೆಯೇ ಎಂದು ಬೇರೆಯಾಗಿಯೇ ನೋಡಬೇಕು.